ಭಾನುವಾರ ಮನೆ ಖಾಲಿ, ಶುಕ್ರವಾರ ಹಾಲು ಉಕ್ಕಲಿ

ತಿಂಗಳಿಗೆ 24,000 ಬಾಡಿಗೆ ಬರುವ ಮನೆ ಒಂದು ದಿನ ಖಾಲಿ ಬಿದ್ದರೆ 800 ರೂಪಾಯಿ ಹೋಯಿತು. ಹೊಸ ಬಾಡಿಗೆದಾರರು ಐನೂರು ಕಡಿಮೆ ಮಾಡಿ ಎಂದರೆ ಒಪ್ಪದೆ ವಾರಗಟ್ಟಲೆ ಹಗ್ಗಜಗ್ಗಾಟ ನಡೆಸುವ ಓನರ್‌ಗಳೇ, ಪೇಂಟರ್ ಬರಲಿಲ್ಲ, ಪ್ಲಂಬರ್ ಫೋನ್ ಎತ್ತಲಿಲ್ಲ ಎಂದುಕೊಂಡು ಇಪ್ಪತ್ತು ದಿನ ಮನೆಗೆ ಬೀಗ ಹಾಕಿ ಕೂರುತ್ತಾರೆ. ಇಪ್ಪತ್ತು ದಿನಕ್ಕೆ 16,000 ಆಯಿತು. ಕೇಳಿದ ಐನೂರನ್ನು ಬಿಟ್ಟುಕೊಟ್ಟಿದ್ದರೆ ಅಷ್ಟು ನಷ್ಟವಾಗಲು 32 ತಿಂಗಳು ಬೇಕಿತ್ತು.

ಬೆಂಗಳೂರಿನ ಒಂದು ಸಾಧಾರಣ ಟೂ ಬಿಎಚ್‌ಕೆಗೆ ಸುಣ್ಣಬಣ್ಣ ಮಾಡಿ, ತೊಳೆದು, ರಿಪೇರಿ ಮುಗಿಸುವುದಕ್ಕೆ ನಿಜವಾಗಿ ಬೇಕಾಗುವುದು ನಾಲ್ಕು ದಿನ. ಉಳಿದ ದಿನಗಳೆಲ್ಲ ಒಬ್ಬ ಕೆಲಸದವನು ಹೋಗಿ ಇನ್ನೊಬ್ಬ ಬರುವವರೆಗಿನ ಕಾಯುವಿಕೆಯಲ್ಲಿ ಕರಗುತ್ತವೆ. ಹಾಗಾಗಿ ನಾಲ್ಕು ದಿನದ ಗುರಿ ಮುಟ್ಟಬೇಕಾದರೆ ಕೆಲಸದ ವೇಗ ಹೆಚ್ಚಿಸಿ ಪ್ರಯೋಜನವಿಲ್ಲ. ಖಾಲಿ ಮನೆಯಲ್ಲಿ ಮಾತ್ರ ಆಗುವ ಕೆಲಸ ಯಾವುದು, ಜನ ಇರುವಾಗಲೇ ಮುಗಿಸಬಹುದಾದದ್ದು ಯಾವುದು ಎಂದು ಬೇರೆಬೇರೆ ಮಾಡಬೇಕು. ಆಮೇಲೆ ಖಾಲಿ ದಿನಗಳ ಕೆಲಸವನ್ನು ಒಂದರ ಬೆನ್ನಿಗೆ ಒಂದು ಜೋಡಿಸಬೇಕು.

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಿಜಯನಗರದ ಕಡೆ ಮೂರಂತಸ್ತಿನ ಕಟ್ಟಡ, ಓನರ್ ಕೆಳಗಿದ್ದಾರೆ, ಬಾಡಿಗೆ ಮನೆ ಎರಡನೇ ಮಹಡಿಯಲ್ಲಿ, ಸುಮಾರು 900 ಚದರಡಿ. ಮೂರು ವರ್ಷ ಇದ್ದವರು ಒಂದು ತಿಂಗಳ ನೋಟಿಸ್ ಕೊಟ್ಟಿದ್ದಾರೆ. ಅವರು ಭಾನುವಾರ ಲಾರಿ ತುಂಬಿಸುತ್ತಾರೆ, ರಜೆ ಇರುವುದು ಅವತ್ತೇ. ಹೊಸಬರು ಶುಕ್ರವಾರ ಬೆಳಿಗ್ಗೆ ಹಾಲು ಉಕ್ಕಿಸುತ್ತಾರೆ. ನಡುವೆ ಸೋಮವಾರದಿಂದ ಗುರುವಾರದವರೆಗೆ ನಾಲ್ಕು ದಿನ ನಮ್ಮ ಕೈಯಲ್ಲಿದೆ.

ನೋಟಿಸ್ ಬಂದ ವಾರವೇ ಮನೆ ನೋಡಿ

ಹೆಚ್ಚಿನ ಓನರ್‌ಗಳು ಮನೆ ಒಳಗೆ ಕಾಲಿಡುವುದು ಕೀ ಕೈಗೆ ಬಂದ ಮೇಲೆ. ಆಗ ಗೋಡೆಯ ತೇವ ಕಣ್ಣಿಗೆ ಬೀಳುತ್ತದೆ, ಗೀಸರ್ ಕೆಟ್ಟಿರುವುದು ತಿಳಿಯುತ್ತದೆ, ಅಲ್ಲಿಂದ ಹುಡುಕಾಟ ಶುರು. ನೋಟಿಸ್ ಬಂದ ಮೊದಲ ವಾರದಲ್ಲೇ ಬಾಡಿಗೆದಾರರಿಗೆ ಹೇಳಿ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ಅವರ ಜೊತೆಗೇ ಒಂದು ಸುತ್ತು ಹಾಕಿ. ಆದರೆ ತಪ್ಪು ಹುಡುಕುವ ದನಿಯಲ್ಲಿ ಮಾತಾಡಬೇಡಿ. ಮನೆಯ ರೋಗ ಗೊತ್ತಿರುವುದು ಅದರಲ್ಲಿ ಬದುಕಿದವರಿಗೆ. "ಗೀಸರ್‌ನಲ್ಲಿ ನೀರು ಕಾಯೋಕೆ ಎಷ್ಟು ಹೊತ್ತು ಹಿಡಿಯುತ್ತೆ ಸಾರ್? ಮಳೆಗಾಲದಲ್ಲಿ ಎಲ್ಲಾದರೂ ಗೋಡೆ ಬೆವರುತ್ತಾ? ಜಿರಳೆ, ತಿಗಣೆ ಏನಾದರೂ ಇದೆಯಾ?" ಎಂದು ಕೇಳಿ, ಅಡ್ವಾನ್ಸಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಸತ್ಯ ಹೇಳುತ್ತಾರೆ. ಬೋರ್‌ವೆಲ್ ನೀರಿರುವ ಕಡೆ ಗೀಸರ್‌ನ ಕಾಯಿಲ್ ಮೇಲೆ ಸುಣ್ಣ ಕಟ್ಟಿ, ನೀರು ಕಾಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯಬಹುದು, ಒಳಗೆ ಪಟಪಟ ಸದ್ದೂ ಬರುತ್ತದೆ. ಇಂಥದ್ದನ್ನು ಆ ತಿಂಗಳಲ್ಲೇ ಒಬ್ಬ ಮೆಕ್ಯಾನಿಕ್ ಬಂದು ಒಂದು ಗಂಟೆಯಲ್ಲಿ ಸರಿಮಾಡಬಹುದು. ಅದಕ್ಕೆ ಖಾಲಿ ದಿನ ವ್ಯರ್ಥಮಾಡಬೇಕಿಲ್ಲ.

ಆ ಸುತ್ತಿನಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ತೇವ. ಬಾತ್‌ರೂಮಿಗೆ ಅಂಟಿಕೊಂಡ ಗೋಡೆಯ ಆಚೆ ಬದಿ, ಕಿಟಕಿಯ ಕೆಳಗಿನ ಮೂಲೆ, ಮೇಲೆ ಟೆರೇಸ್ ಇದ್ದರೆ ಸೀಲಿಂಗ್, ಇವು ಅದರ ಜಾಗಗಳು. ಬಣ್ಣ ಉಬ್ಬಿ ಹಪ್ಪಳದಂತೆ ಎದ್ದಿದ್ದರೆ ಅನುಮಾನವೇ ಇಲ್ಲ. ಬರೀ ಮಸುಕು ಕಲೆ ಇದ್ದರೆ ಒಂದು ಸುಲಭ ಪರೀಕ್ಷೆ ಮಾಡಿ. ಒಂದಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಲೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ, ನೀರಿನ ಹನಿ ಕೂತರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಬದಿಯಲ್ಲಿ ಕೂತರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆಗೆಯದೆ ಒಳಗೆ ಬಟ್ಟೆ ಒಣಗಿಸುತ್ತಿದ್ದರೆ ಹಾಗಾಗುತ್ತದೆ. ಎರಡನೆಯದಕ್ಕೆ ಬಣ್ಣ ಸಾಕು. ಮೊದಲನೆಯದಕ್ಕೆ ಬಣ್ಣ ಬಳಿದರೆ ಮುಂದಿನ ಮಳೆಗೆ ಮತ್ತೆ ಏಳುತ್ತದೆ, ಹೊಸ ಬಾಡಿಗೆದಾರರ ಫೋನ್ ಬರುತ್ತದೆ. ಪೈಪ್ ಸೋರಿಕೆ ಇದ್ದರೆ ಗೋಡೆ ಒಡೆಯುವ ಕೆಲಸ ನೋಟಿಸ್ ತಿಂಗಳಲ್ಲೇ ಆಗಲಿ. ಸಿಮೆಂಟ್ ಮುಚ್ಚಿದ ಜಾಗ ಚೆನ್ನಾಗಿ ಒಣಗುವ ಮೊದಲು ಪುಟ್ಟಿ, ಬಣ್ಣ ಯಾವುದೂ ಹಿಡಿಯುವುದಿಲ್ಲ, ನಮ್ಮ ನಾಲ್ಕು ದಿನದಲ್ಲಿ ಅದು ಒಣಗುವುದೂ ಇಲ್ಲ.

ಅಡ್ವಾನ್ಸ್ ವಿಷಯ

ಖಾಲಿ ದಿನಕ್ಕೂ ಅಡ್ವಾನ್ಸಿಗೂ ಏನು ಸಂಬಂಧ ಎನ್ನಬಹುದು. ಇದೆ. ನಮ್ಮಲ್ಲಿ ಎಷ್ಟೋ ಓನರ್‌ಗಳು ಹಳೆಯವರ ಅಡ್ವಾನ್ಸನ್ನು ಖರ್ಚು ಮಾಡಿಕೊಂಡಿರುತ್ತಾರೆ, ಹೊಸಬರು ಕೊಟ್ಟ ಮೇಲೆ ಕೊಡುತ್ತೇನೆ ಎನ್ನುತ್ತಾರೆ. ಇದು ಗೊತ್ತಾದ ಬಾಡಿಗೆದಾರ ಕೀ ಕೊಡಲು ಹಿಂದೆಮುಂದೆ ನೋಡುತ್ತಾನೆ, ಒಂದು ಮಂಚ, ಎರಡು ಡಬ್ಬ ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಅಲ್ಲಿಗೆ ಭಾನುವಾರದ ಲೆಕ್ಕ ಕೆಟ್ಟಿತು. ಕೀ ಕೊಟ್ಟ ದಿನವೇ ಅಡ್ವಾನ್ಸ್ ವಾಪಸ್ ಎಂದು ನೋಟಿಸ್ ಬಂದ ದಿನವೇ ಹೇಳಿ, ಹಾಗೇ ಮಾಡಿ. ಅವತ್ತಿನ ಕರೆಂಟ್ ಮೀಟರ್ ರೀಡಿಂಗಿನ ಫೋಟೊ ಇಬ್ಬರ ಬಳಿಯೂ ಇರಲಿ, ಬರಬೇಕಾದ ಬೆಸ್ಕಾಂ ಬಿಲ್ಲಿಗೆ ಅಂದಾಜು ಮೊತ್ತ ಮಾತ್ರ ಹಿಡಿದುಕೊಳ್ಳಿ. ಈ ಭರವಸೆ ಇದ್ದರೆ ಹಳೆಯವರು ಮನೆ ತೋರಿಸಲೂ ಸಹಕರಿಸುತ್ತಾರೆ. ಶನಿವಾರ, ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಎಂದು ಹೊತ್ತು ಗೊತ್ತುಮಾಡಿ, ಹಿಂದಿನ ದಿನ ತಿಳಿಸಿ, ನೋಡಲು ಬರುವವರನ್ನೆಲ್ಲ ಆ ಎರಡು ಗಂಟೆಯಲ್ಲಿ ಮುಗಿಸಿ.

ಇನ್ನು ಪೇಂಟಿಂಗ್ ಚಾರ್ಜ್. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ. ಅಗ್ರಿಮೆಂಟಿನಲ್ಲಿ ಬರೆದಿದ್ದರೆ ಹಿಡಿಯಿರಿ, ಆದರೆ ಹಿಡಿದ ಮೇಲೆ ಬಣ್ಣ ಹೊಡೆಸಿ. ಹಿಡಿದು ಹೊಡೆಸದೆ ಇರುವುದು ಹಗಲು ದರೋಡೆ.

ಪಂಚಾಂಗ ಮತ್ತು ಊರಿಗೆ ಹೋಗುವವರು

ನೀವು ನಂಬಿ, ಬಿಡಿ, ಹೊಸ ಬಾಡಿಗೆದಾರರು ಆಷಾಢದಲ್ಲಿ ಮನೆ ಬದಲಿಸಲು ಹಿಂಜರಿಯುತ್ತಾರೆ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗಿನ ಧನುರ್ಮಾಸದಲ್ಲೂ ಅಷ್ಟೇ. ನೋಟಿಸ್ ಮುಗಿಯುವ ದಿನ ಇಂಥ ತಿಂಗಳಿಗೆ ಬಿದ್ದರೆ ಎರಡು ದಾರಿ ಇವೆ. ಹಳೆಯವರು ಒಂದು ವಾರ ಮೊದಲೇ ಬಿಡಲು ಒಪ್ಪಿದರೆ ಆ ವಾರದ ಬಾಡಿಗೆ ಬಿಟ್ಟುಕೊಟ್ಟು, ಆಷಾಢ ಹುಟ್ಟುವ ಮೊದಲೇ ಹೊಸಬರಿಂದ ಹಾಲು ಉಕ್ಕಿಸಿಬಿಡಿ. ಸಾಮಾನು ಆಮೇಲೆ ಬಂದರೂ ಅವರಿಗೆ ಅಡ್ಡಿಯಿಲ್ಲ. ಬಾಡಿಗೆ ಹಾಲು ಉಕ್ಕಿಸಿದ ದಿನದಿಂದಲೋ ಸಾಮಾನು ಬಂದ ದಿನದಿಂದಲೋ ಎಂಬುದನ್ನು ಮಾತ್ರ ಮೊದಲೇ ಮಾತಾಡಿ, ಇಲ್ಲದಿದ್ದರೆ ಮೊದಲ ತಿಂಗಳೇ ಮನಸ್ತಾಪ. ಅದೂ ಆಗದಿದ್ದರೆ ನಾಲ್ಕು ದಿನದ ಆಸೆ ಬಿಟ್ಟು, ವರ್ಷಗಳಿಂದ ಮುಂದೂಡಿದ ದೊಡ್ಡ ರಿಪೇರಿಗೆ ಆ ತಿಂಗಳನ್ನು ಬಳಸಿಕೊಳ್ಳಿ.

ಕೆಲಸದವರಿಗೂ ಕ್ಯಾಲೆಂಡರ್ ಇದೆ. ಯುಗಾದಿಗೆ ಊರಿಗೆ ಹೋದ ಪೇಂಟರ್ ವರ್ಷತೊಡಕು ಮುಗಿಸದೆ ಬಸ್ ಹತ್ತುವುದಿಲ್ಲ. ಗೌರಿ ಗಣೇಶ, ದಸರಾ, ದೀಪಾವಳಿಯ ಹಿಂದುಮುಂದು ಒಂದು ವಾರ ಯಾರನ್ನೂ ನಂಬಿಕೊಳ್ಳಬೇಡಿ. ಬಡಗಿ, ಪೇಂಟರ್‌ಗಳಲ್ಲಿ ಉತ್ತರ ಭಾರತದವರೂ ಬಹಳ ಇದ್ದಾರೆ, ಅವರು ಹೋಳಿಗೆ, ಛಠ್‌ಗೆ ಹೊರಡುತ್ತಾರೆ. ಬುಕ್ ಮಾಡುವಾಗಲೇ "ಆ ವಾರ ಊರಿಗೆ ಹೋಗ್ತೀರಾ?" ಎಂದು ಕೇಳಿ.

ಪೇಂಟರ್‌ಗೆ ಮೂರು ವಾರ ಮೊದಲೇ ದಿನಾಂಕ ಹೇಳಿ ಸ್ವಲ್ಪ ಮುಂಗಡ ಕೊಡಿ, ಕೆಲಸದ ಹಿಂದಿನ ವಾರ ಗುರುವಾರ ಒಮ್ಮೆ, ಶನಿವಾರ ಸಂಜೆ ಒಮ್ಮೆ ಫೋನ್ ಮಾಡಿ. ಕ್ಲೀನಿಂಗ್ ತಂಡಕ್ಕೂ ಪೆಸ್ಟ್ ಕಂಟ್ರೋಲ್‌ನವರಿಗೂ ಹತ್ತು ದಿನ ಮೊದಲು ಹೇಳಿದರೆ ಸಾಕು. "ನಾಳೆ ಪಕ್ಕಾ ಸಾರ್" ಎನ್ನುವ ಮಾತಿಗೆ ಬೆಲೆ ಬರುವುದು ಅವರು ಯಾವ ಗಂಟೆಗೆ, ಎಷ್ಟು ಜನ ಬರುತ್ತಾರೆ ಎಂದು ಹೇಳಿದಾಗ ಮಾತ್ರ. ಪೇಂಟಿಂಗ್ ಅನ್ನು ದಿನಗೂಲಿಗೆ ಕೊಡಬೇಡಿ, ಒಟ್ಟು ಕೆಲಸಕ್ಕೆ ಗುತ್ತಿಗೆ ಮಾತಾಡಿ, ಮೂರು ಜನ ಬರಬೇಕು ಎಂದು ಷರತ್ತು ಹಾಕಿ. ಕೆಲಸ ಅಷ್ಟೇ ಇರುವುದರಿಂದ ಇಬ್ಬರು ನಾಲ್ಕು ದಿನ ಮಾಡುವ ಬದಲು ಮೂವರು ಎರಡೂವರೆ ದಿನದಲ್ಲಿ ಮುಗಿಸಿದರೆ ಅವರಿಗೆ ನಷ್ಟವಿಲ್ಲ, ನಿಮಗೆ ಒಂದೂವರೆ ದಿನದ ಬಾಡಿಗೆ ಉಳಿಯುತ್ತದೆ.

ಬಣ್ಣವನ್ನು ಹಿಂದಿನ ಶುಕ್ರವಾರವೇ ತಂದಿಡಿ. ಗೋಡೆಗಳಿಗೆ ಸದಾ ಒಂದೇ ಬಣ್ಣ, ಒಂದೇ ಕಂಪನಿ, ಒಂದೇ ಶೇಡ್ ನಂಬರ್ ಇಟ್ಟುಕೊಂಡರೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ತಿಳಿ ಬಣ್ಣದ ಮೇಲೆ ಅದೇ ಬಣ್ಣವಾದರೆ ಬೆಡ್‌ರೂಮಿಗೆ ಒಂದೇ ಕೋಟ್ ಸಾಕಾಗಬಹುದು. ಎಮಲ್ಷನ್ ಒಂದು ಲೀಟರಿಗೆ ಎರಡು ಕೋಟ್ ಹೊಡೆದರೆ ಸುಮಾರು 120ರಿಂದ 140 ಚದರಡಿ ಗೋಡೆ ಬರುತ್ತದೆ. ನಮ್ಮ 900 ಚದರಡಿಯ ಮನೆಯ ಗೋಡೆಗಳಿಗೆ 20 ಲೀಟರ್ ಬಕೆಟ್ ಒಂದು ಹೆಚ್ಚುಕಡಿಮೆ ಸರಿಹೋಗುತ್ತದೆ. ಶೇಡ್ ನಂಬರನ್ನು ಅಟ್ಟದ ಬಾಗಿಲಿನ ಒಳಬದಿಯಲ್ಲಿ ಪೆನ್ನಿನಿಂದ ಬರೆದಿಡಿ, ಬಿಲ್ ಕಳೆದುಹೋಗುತ್ತದೆ. ಉಳಿದ ಬಣ್ಣದಲ್ಲಿ ಕಲೆಯಾದ ಕಡೆ ಮಾತ್ರ ತೇಪೆ ಹಾಕಿಸುವ ಆಸೆ ಬೇಡ. ಮೂರು ವರ್ಷದ ಹಳೆಯ ಗೋಡೆಯ ಮೇಲೆ ಹೊಸ ಬಣ್ಣ, ನಂಬರ್ ಒಂದೇ ಆದರೂ ಎದ್ದು ಕಾಣುತ್ತದೆ. ಹೊಡೆದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಪೂರ್ತಿ ಗೋಡೆ ಹೊಡೆಸಬೇಕು.

ನಾಲ್ಕು ದಿನ ಹೀಗೆ ನಡೆಯಲಿ

ಕೆಲಸದ ಸರದಿಗೆ ಒಂದೇ ಸೂತ್ರ. ಒಡೆಯುವುದು, ಕೊರೆಯುವುದು ಮೊದಲು, ಬಣ್ಣ ಆಮೇಲೆ, ತೊಳೆಯುವುದು ಅದರ ನಂತರ, ಜಿರಳೆ ಔಷಧಿ ಕೊನೆಗೆ, ಬೀಗ ಬದಲಿಸುವುದು ಎಲ್ಲರೂ ಹೋದ ಮೇಲೆ.

ಭಾನುವಾರ ಸಂಜೆ ಲಾರಿ ಹೊರಟ ಕೂಡಲೇ ಮೊದಲ ಕೆಲಸ ನಿಮ್ಮದೇ. ಬಾತ್‌ರೂಮಿನ ನೀರು ಹೋಗುವ ಜಾಲರಿಯನ್ನು ಪ್ಲಾಸ್ಟಿಕ್ ಮತ್ತು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದಂಗುಲ ನೀರು ನಿಲ್ಲಿಸಿ, ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. ಜನ ಇರುವ ಮನೆಯಲ್ಲಿ ಈ ಪರೀಕ್ಷೆ ಸಾಧ್ಯವೇ ಇಲ್ಲ, ಒಂದು ದಿನ ಬಾತ್‌ರೂಮ್ ಬಿಟ್ಟುಕೊಡುವವರು ಯಾರು? ಸೋಮವಾರ ಸಂಜೆ ನೀರಿನ ಮಟ್ಟ ನೋಡಿ, ಕೆಳಗಿನ ಮನೆಯ ಸೀಲಿಂಗೂ ನೋಡಿ. ಅಲ್ಲಿ ಕಪ್ಪು ಕಲೆ ಮೂಡಿದ್ದರೆ ಟೈಲ್ಸ್ ಸಂದಿಯಲ್ಲೋ ಪೈಪಿನ ಸುತ್ತಲೋ ದಾರಿ ಆಗಿದೆ. ಭಾನುವಾರ ಸಂಜೆಯೇ ಫ್ಲಷ್ ಟ್ಯಾಂಕಿಗೆ ನಾಲ್ಕು ಹನಿ ನೀಲಿ ಶಾಯಿ ಹಾಕಿ, ಫ್ಲಷ್ ಒತ್ತದೆ ಅರ್ಧ ಗಂಟೆ ಬಿಟ್ಟು ನೋಡಿ. ಕಮೋಡಿನಲ್ಲಿ ನೀಲಿ ಬಂದರೆ ಒಳಗಿನ ವಾಷರ್ ಹೋಗಿದೆ, ಹಗಲೂರಾತ್ರಿ ನೀರು ಸದ್ದಿಲ್ಲದೆ ಹರಿಯುತ್ತಿದೆ.

ಸೋಮವಾರ ಬೆಳಿಗ್ಗೆ ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಮೂವರೂ ಬರಲಿ. ಕೈಯಲ್ಲಿ ಪಟ್ಟಿ ಇದ್ದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಪೇಂಟರ್‌ಗಳೂ ಅವತ್ತೇ ಬಂದು ಮೊಳೆ ತೂತುಗಳಿಗೆ ಪುಟ್ಟಿ ತುಂಬಿ, ಎದ್ದ ಬಣ್ಣ ಕೆರೆದು, ಸಂಜೆ ಉಜ್ಜಿ, ಪುಟ್ಟಿ ಹಾಕಿದ ಜಾಗಕ್ಕೆ ಪ್ರೈಮರ್ ಹಚ್ಚಲಿ. ಪ್ರೈಮರ್ ಇಲ್ಲದೆ ಹೊಡೆದರೆ ಪುಟ್ಟಿ ಬಣ್ಣ ಕುಡಿದು, ಗೋಡೆ ತುಂಬ ಮಂಕು ಚುಕ್ಕೆ ಕಾಣುತ್ತವೆ. ಮಂಗಳವಾರ ಬೆಳಿಗ್ಗೆ ಮೊದಲ ಕೋಟ್, ನಾಲ್ಕು ಗಂಟೆ ಒಣಗಿದ ಮೇಲೆ ಹಾಲ್ ಮತ್ತು ಅಡುಗೆಮನೆಗೆ ಎರಡನೇ ಕೋಟ್. ಮಳೆಗಾಲವಾದರೆ ಒಣಗಲು ಇನ್ನೂ ಹೊತ್ತು ಬೇಕು, ಫ್ಯಾನ್ ಹಾಕಿಡಿ. ಬುಧವಾರ ಮಧ್ಯಾಹ್ನದೊಳಗೆ ಬಾಗಿಲು, ಗ್ರಿಲ್, ಉಳಿದದ್ದು. ಅವರು ಬ್ರಷ್ ತೊಳೆಯುವುದು ನಿಮ್ಮ ಬಾತ್‌ರೂಮಿನಲ್ಲೇ ಎಂಬುದು ನೆನಪಿರಲಿ. ಅದಕ್ಕೇ ಪೇಂಟರ್ ಹೊರಡುವ ಮೊದಲು ಬಾತ್‌ರೂಮ್ ತೊಳೆಸಿದರೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ. ಬುಧವಾರ ಮಧ್ಯಾಹ್ನದ ಅರ್ಧ ದಿನವನ್ನು ಬೇಕೆಂದೇ ಖಾಲಿ ಇಡಿ. ಏನಾದರೊಂದು ತಡವಾಗಿಯೇ ಆಗುತ್ತದೆ, ಅದನ್ನು ಹೀರಿಕೊಳ್ಳಲು ಈ ಅರ್ಧ ದಿನ ಬೇಕು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಕ್ಲೀನಿಂಗ್‌ನವರು, ಮೂರು ಜನ. ಮೇಲಿನಿಂದ ಕೆಳಕ್ಕೆ ಬರಲಿ: ಅಟ್ಟ, ಫ್ಯಾನ್, ಕಿಟಕಿಯ ಜಾಲರಿ, ಅಡುಗೆಮನೆಯ ಕಪಾಟುಗಳು, ಬಾತ್‌ರೂಮ್, ಕೊನೆಗೆ ನೆಲ. ಬಾತ್‌ರೂಮಿಗೆ ಅವರು ಆ್ಯಸಿಡ್ ಬಾಟಲಿ ತೆಗೆದರೆ ತಡೆಯಿರಿ. ಬಿಳಿ ಕಲೆ ಕ್ಷಣದಲ್ಲಿ ಹೋಗುತ್ತದೆ ನಿಜ, ಜೊತೆಗೆ ನಲ್ಲಿಯ ಹೊಳಪೂ ಹೋಗುತ್ತದೆ, ಟೈಲ್ಸ್ ಸಂದಿಯ ಸಿಮೆಂಟ್ ಕರಗುತ್ತದೆ. ಎರಡು ಮೂರು ಸಲ ಹೀಗಾದರೆ ಕೆಳಗಿನ ಮನೆಯ ಸೀಲಿಂಗ್ ತೊಟ್ಟಿಕ್ಕಲು ಶುರು. ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಬೋರ್ ನೀರಿನ ಸುಣ್ಣ ಬಿಡುತ್ತದೆ. ಶವರಿನ ತೂತುಗಳಿಗೂ ಇದೇ ಮದ್ದು. ಅಮೃತಶಿಲೆ ಇದ್ದರೆ ಇದೂ ಬೇಡ, ಬರೀ ಸೋಪಿನ ನೀರು. ಆ್ಯಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಬಳಸಲು ಎಂದೂ ಬಿಡಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಅಪಾಯ.

ಸಂಜೆ ನೆಲ ಒಣಗಿದ ಮೇಲೆ ಜಿರಳೆಗೆ ಜೆಲ್. ಕಪಾಟಿನ ಕೀಲು, ಸಿಂಕಿನ ಕೆಳಗೆ, ಸಂದಿಗಳಲ್ಲಿ ಚುಕ್ಕೆ ಇಟ್ಟು ಹೋಗುತ್ತಾರೆ, ವಾಸನೆ ಇಲ್ಲ, ಮನೆ ಬಿಡಬೇಕಿಲ್ಲ. ಕ್ಲೀನಿಂಗಿಗೆ ಮೊದಲು ಇಟ್ಟರೆ ಒರೆಸಿ ಹೋಗುತ್ತದೆ. ಜೆಲ್ ಇಟ್ಟ ಮೇಲೆ ಸ್ಪ್ರೇ ಹೊಡೆಯಬಾರದು, ಸ್ಪ್ರೇಗೆ ಹೆದರಿದ ಜಿರಳೆ ಜೆಲ್ ತಿನ್ನಲು ಬರುವುದಿಲ್ಲ. ಹೊಸಬರಿಗೂ ಇದನ್ನು ಹೇಳಿ.

ಕೈಯಲ್ಲಿ ಹಿಡಿದು ನೋಡುವ ಪಟ್ಟಿ

ಸೋಮವಾರ ಬೆಳಿಗ್ಗೆ ಒಮ್ಮೆ, ಗುರುವಾರ ಸಂಜೆ ಇನ್ನೊಮ್ಮೆ ಇದನ್ನು ಹಿಡಿದು ಸುತ್ತಿ.

- ಅಡುಗೆಮನೆ: ಸಿಂಕ್ ತುಂಬ ನೀರು ನಿಲ್ಲಿಸಿ ಒಮ್ಮೆಲೇ ಬಿಟ್ಟಾಗ ಕೆಳಗಿನ ಪೈಪ್ ಜಾಯಿಂಟ್ ತೊಟ್ಟಿಕ್ಕುತ್ತದೆಯೇ? ಎಕ್ಸಾಸ್ಟ್ ಫ್ಯಾನ್ ಜಿಡ್ಡು. ಕಪಾಟಿನ ಎಲ್ಲ ಬಾಗಿಲು ಪೂರ್ತಿ ಮುಚ್ಚುತ್ತವೆಯೇ?
- ಬಾತ್‌ರೂಮ್: ನಲ್ಲಿ, ಶವರ್, ಹೆಲ್ತ್ ಫಾಸೆಟ್, ಫ್ಲಷ್. ನಿಲ್ಲಿಸಿದ ನೀರು ಬಿಟ್ಟ ಮೇಲೆ, ಬಕೆಟ್ ನೀರು ಚೆಲ್ಲಿದರೆ ಜಾಲರಿಯ ಕಡೆಗೇ ಹರಿಯುತ್ತದೆಯೇ?
- ಕರೆಂಟ್: ಪ್ರತಿ ಸ್ವಿಚ್ ಒತ್ತಿ. ಪ್ರತಿ ಪ್ಲಗ್ಗಿಗೆ ಚಾರ್ಜರ್ ಹಾಕಿ. ಗೀಸರ್ ಪ್ಲಗ್ ಸುತ್ತ ಕಂದು ಕಲೆ ಇದ್ದರೆ ಬದಲಿಸಿ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ತಕ್ಷಣ ಟ್ರಿಪ್ ಆಗಬೇಕು.
- ಬಾಗಿಲು, ಕಿಟಕಿ: ಚೌಕಟ್ಟಿನ ಬುಡದಲ್ಲಿ, ಅಟ್ಟದಲ್ಲಿ ಗೆದ್ದಲಿನ ಮಣ್ಣಿನ ಗೆರೆ. ಸೊಳ್ಳೆ ಜಾಲರಿಯ ತೂತು.
- ಬಾಲ್ಕನಿ, ಯುಟಿಲಿಟಿ: ಮಳೆ ನೀರು ಹೋಗುವ ಪೈಪ್ ಕಟ್ಟಿದೆಯೇ? ವಾಷಿಂಗ್ ಮೆಷಿನ್ ನಲ್ಲಿ.
- ಬೀಗ: ಮುಂಬಾಗಿಲ ಸಿಲಿಂಡರ್ ಬದಲು. ಹಳೆಯವರು, ಮೂರು ದಿನ ಪೇಂಟರ್, ಆಮೇಲೆ ಕ್ಲೀನಿಂಗ್‌ನವರು, ಎಲ್ಲರ ಕೈಗೂ ಹೋಗಿ ಬಂದ ಕೀ ಅದು.

ಅಪಾರ್ಟ್‌ಮೆಂಟ್ ಆದರೆ ಇನ್ನೆರಡು ಸೇರಿಸಿ. ಸಾಮಾನು ಸಾಗಿಸಲು ಅಸೋಸಿಯೇಷನ್ನಿನ ಒಪ್ಪಿಗೆ, ಲಿಫ್ಟ್ ಸಿಗುವ ಹೊತ್ತು. ಬಹಳ ಕಡೆ ಭಾನುವಾರ ಡ್ರಿಲ್ ಸದ್ದಿಗೆ ಅನುಮತಿ ಇಲ್ಲ.

ನಾಲ್ಕು ದಿನ ಸಾಲದ ಮನೆ

ಎರಡು ಸಂದರ್ಭದಲ್ಲಿ ಈ ಲೆಕ್ಕ ನಡೆಯುವುದಿಲ್ಲ, ನಡೆಸಲೂಬಾರದು. ಒಂದು, ಗೋಡೆ ಒಳಗಿಂದ ಒದ್ದೆ ಇದ್ದಾಗ. ಇನ್ನೊಂದು ತಿಗಣೆ. ಮನೆ ಖಾಲಿಯಾದ ಮೇಲೆ ಕರ್ಟನ್ ರಾಡಿನ ತುದಿ, ಸ್ವಿಚ್ ಬೋರ್ಡಿನ ಅಂಚು, ಮಂಚ ಇದ್ದ ಕಡೆಯ ಗೋಡೆಯ ಬಿರುಕುಗಳಿಗೆ ಟಾರ್ಚ್ ಬಿಟ್ಟು ನೋಡಿ. ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳ ಗುಂಪು ಕಂಡರೆ ಅದೇ. ಔಷಧಿ ಹೊಡೆದ ದಿನ ಹುಳ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ಮೊಟ್ಟೆ ಒಡೆದು ಬಂದವನ್ನು ಹಿಡಿಯಲು ಹತ್ತು ಹದಿನೈದು ದಿನ ಬಿಟ್ಟು ಎರಡನೇ ಸಲ ಹೊಡೆಯಲೇಬೇಕು. ಹೊಸಬರಿಗೆ ನಿಜ ಹೇಳಿ ದಿನ ಮುಂದಕ್ಕೆ ಹಾಕಿ. ಮುಚ್ಚಿಟ್ಟು ಒಳಗೆ ಕೂರಿಸಿದರೆ ಅವರ ಹಾಸಿಗೆಗೆ ಹತ್ತಿ, ಎರಡು ತಿಂಗಳಲ್ಲಿ ಮತ್ತೆ ನೋಟಿಸ್ ನಿಮ್ಮ ಕೈಲಿರುತ್ತದೆ.

ಶುಕ್ರವಾರ ಬೆಳಿಗ್ಗೆ ಹಾಲು ಉಕ್ಕಿಸಲು ಬಂದವರಿಗೆ ನೀರು, ಕರೆಂಟ್ ಎರಡೂ ಸಿದ್ಧವಿರಲಿ. ಮೀಟರ್ ರೀಡಿಂಗಿನ ಫೋಟೊ, ಬೆಸ್ಕಾಂ ಬಿಲ್ಲಿನ ಆರ್‌ಆರ್ ನಂಬರ್, ಕಾವೇರಿ ನೀರು ಬಿಡುವ ದಿನ, ಕಸದ ಗಾಡಿ ಬರುವ ಹೊತ್ತು, ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆದು ಕೊಡಿ. ಮೇಲಿನ ಟ್ಯಾಂಕಿನಿಂದ ಈ ಮನೆಗೆ ಬರುವ ನೀರಿನ ವಾಲ್ವ್ ಎಲ್ಲಿದೆ, ಯಾವ ಕಡೆ ತಿರುಗಿಸಿದರೆ ನಿಲ್ಲುತ್ತದೆ ಎಂದು ಕರೆದುಕೊಂಡು ಹೋಗಿ ತೋರಿಸಿ, ಆಮೇಲೆ ಕೀ ಕೊಡಿ.